ಮೊಬೈಲಿನ ಬರಹದಿಂದ ಮಾತಿಗೆ, ಮಾತಿನಿಂದ ಭೇಟಿಗೆ

ರಾಯಚೂರಿನಿಂದ ಪಶ್ಚಿಮಕ್ಕೆ ಹೊರಟರೆ, ದೇವದುರ್ಗದ ರಸ್ತೆ ಕವಲೊಡೆಯುವ ಕಡೆ ಕಲ್ಮಲ ಎಂಬ ಊರು ಸಿಗುತ್ತದೆ. ಈ ಭಾಗದಲ್ಲಿ ಮದುವೆಯ ಸಂಬಂಧಗಳು ಬಹುಕಾಲ ಹುಟ್ಟುತ್ತಿದ್ದದ್ದು ಸಂತೆಯಲ್ಲಿ, ಜಾತ್ರೆಯಲ್ಲಿ, ಇನ್ನೊಬ್ಬರ ಮದುವೆಯ ಊಟದ ಪಂಕ್ತಿಯಲ್ಲಿ. "ನಮ್ಮ ಕಡೆ ಒಂದ್ ಹುಡುಗ ಅದಾನ್ರಿ, ನೋಡ್ತೀರೇನು?" ಎಂದು ಒಬ್ಬರು ಕೇಳುತ್ತಿದ್ದರು. ಹಾಗೆ ಕೇಳಿದವರು ಬರೀ ಸುದ್ದಿ ಮುಟ್ಟಿಸುತ್ತಿರಲಿಲ್ಲ. ಎರಡೂ ಮನೆಯವರನ್ನು ಯಾವಾಗ ಒಂದೆಡೆ ಕೂರಿಸಬೇಕು, ಇನ್ನೂ ಎಷ್ಟು ದಿನ ತಡೆಯಬೇಕು ಎಂಬುದನ್ನು ತೂಗಿ ನೋಡುವ ಕೆಲಸವೂ ಅವರದೇ ಆಗಿತ್ತು.

ಈಗ ಬಹಳ ಮನೆಗಳಲ್ಲಿ ಆ ಮಧ್ಯಸ್ಥರ ಜಾಗಕ್ಕೆ ಮೊಬೈಲಿನ ಮ್ಯಾಟ್ರಿಮೊನಿ ಆ್ಯಪ್ ಬಂದಿದೆ. 1990ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಶುರುವಾದ ವಿವಾಹ ಜಾಲತಾಣಗಳು ಇಂದು ಹಳ್ಳಿಯ ಹುಡುಗ ಹುಡುಗಿಯರ ಕೈಯಲ್ಲೂ ಇವೆ. ಆ್ಯಪ್ ಫೋಟೊ ತೋರಿಸುತ್ತದೆ, ಓದು, ನೌಕರಿ, ಊರು ಹೇಳುತ್ತದೆ, ಇಬ್ಬರೂ ಒಪ್ಪಿದರೆ ಬರೆದು ಮಾತಾಡಲು ಅವಕಾಶ ಕೊಡುತ್ತದೆ. ಆದರೆ ಬರೆದದ್ದು ಸಾಕು, ಇನ್ನು ಮಾತಾಡಿ, ಇನ್ನು ಭೇಟಿಯಾಗಿ ಎಂದು ಅದು ಹೇಳುವುದಿಲ್ಲ. ಆ ಹೊತ್ತನ್ನು ಗುರುತಿಸುವ ಹೊಣೆ ಆ ಇಬ್ಬರ ಮೇಲೇ ಬಿದ್ದಿದೆ. ಈ ದಿನ ಅದರ ಬಗ್ಗೆ ಕೆಲವು ಮಾತುಗಳನ್ನು ಹೇಳುತ್ತೇನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಲ್ಮಲದ ಹುಡುಗಿಯೊಬ್ಬಳು ಬೆಂಗಳೂರಿನ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ದೇವದುರ್ಗ ಕಡೆಯ ಹುಡುಗ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ, ಅಂದರೆ ಎಲ್ಲರೂ ಆರ್‌ಟಿಪಿಎಸ್ ಎನ್ನುವಲ್ಲಿ, ಕೆಲಸಕ್ಕಿದ್ದಾನೆ. ಇಬ್ಬರಿಗೂ ಪಾಳಿಯ ಕೆಲಸ. ಆಕೆ ರಾತ್ರಿಪಾಳಿ ಮುಗಿಸಿ ಮಲಗುವ ಹೊತ್ತಿಗೆ ಈತ ಬೆಳಗಿನ ಪಾಳಿಗೆ ಹೊರಟಿರುತ್ತಾನೆ. ಇಂಥವರಿಗೆ ಬರಹದ ಮಾತು ಬಹಳ ಅನುಕೂಲ. ಒಬ್ಬರು ಬರೆದಿಟ್ಟರೆ ಇನ್ನೊಬ್ಬರು ಬಿಡುವಾದಾಗ ಓದಿ ಉತ್ತರ ಕೊಡಬಹುದು. ಆದ್ದರಿಂದಲೇ ಇಂಥವರ ಮಾತು ಬರಹದಲ್ಲೇ ತಿಂಗಳುಗಟ್ಟಲೆ ನಿಂತುಬಿಡುವ ಸಂಭವವೂ ಹೆಚ್ಚು.

ಮೊದಲ ನಾಲ್ಕೈದು ದಿನ ಬರಹವೇ ಸರಿ. ಓದು ಎಲ್ಲಿ, ಮನೆಯಲ್ಲಿ ಯಾರ್ಯಾರು, ಮದುವೆಯ ನಂತರ ಯಾವ ಊರಿನಲ್ಲಿ ಇರುವ ಯೋಚನೆ, ಊಟ ಶಾಖಾಹಾರವೋ ಅಲ್ಲವೋ ಎಂಬಂಥ ಪ್ರಶ್ನೆಗಳಿಗೆ ಒಂದು ಸಾಲಿನ ಉತ್ತರ ಸಾಕು. ಹೊಂದಿಕೆಯಾಗದಿದ್ದರೆ ಮುಜುಗರವಿಲ್ಲದೆ ಅಲ್ಲಿಗೇ ನಿಲ್ಲಿಸಲೂಬಹುದು. ಯಾರ ಫೋನ್ ನಂಬರೂ ಯಾರಿಗೂ ಹೋಗಿರುವುದಿಲ್ಲ. ಇಷ್ಟಕ್ಕೂ ಮುಂಚೆ, ಒಪ್ಪಿಗೆ ಕೊಟ್ಟ ದಿನವೇ, "ಫೋನ್ ಮಾಡಲಾ?" ಎಂದು ಕೇಳುವುದು ಅವಸರವೇ. ಆಗ ಇಬ್ಬರಿಗೂ ಮಾತಾಡಲು ಏನೂ ಇರುವುದಿಲ್ಲ.

ಆರನೆಯ ದಿನ ಆಕೆ ಹೀಗೆ ಬರೆಯುತ್ತಾಳೆ ಎನ್ನಿ: "ಮದುವಿ ಆದಮ್ಯಾಲೆ ನನ್ನ ನೌಕರಿ ಬಗ್ಗೆ ಏನಂತೀರಿ?" ಆತನ ಉತ್ತರ ಒಂದೇ ಮಾತು: "ನೋಡೋಣ್ರಿ."

ವೀಕ್ಷಕರೇ, ಈ 'ನೋಡೋಣ' ಎಂಬ ಮಾತನ್ನು ಸ್ವಲ್ಪ ಗಮನಿಸಿ. ನಮ್ಮ ಕನ್ನಡದಲ್ಲಿ ಇದಕ್ಕೆ ಮೂರು ಅರ್ಥವಾದರೂ ಉಂಟು. ನಿಜವಾಗಿ ಯೋಚಿಸುತ್ತೇನೆ ಎಂಬುದು ಒಂದು. ಈಗ ಆ ಮಾತು ಬೇಡ ಎಂಬುದು ಇನ್ನೊಂದು. ಇಲ್ಲ ಎಂದು ನೇರವಾಗಿ ಹೇಳಲು ಸಂಕೋಚ ಎಂಬುದು ಮೂರನೆಯದು. ಎದುರಿಗೆ ಕೂತವರಿಗೆ ಇದು ಯಾವುದೆಂದು ದನಿಯಲ್ಲೇ ತಿಳಿಯುತ್ತದೆ. ಮಾತಿಗೆ ಮೊದಲು ತಡೆದದ್ದು, ಕೊನೆಯ ಅಕ್ಷರ ಎಳೆದದ್ದು, ತಕ್ಷಣ ಬೇರೆ ಮಾತಿಗೆ ಹೊರಳಿದ್ದು, ಎಲ್ಲವೂ ಸೇರಿ ಅರ್ಥ ಕೊಡುತ್ತವೆ. ಮೊಬೈಲಿನ ಪರದೆಯ ಮೇಲೆ ಅಕ್ಷರ ಮಾತ್ರ ಉಳಿಯುತ್ತದೆ. 'ಮನ್ಯಾಗ ಕೇಳಿ ಹೇಳ್ತೀನಿ', 'ನಿಮ್ಮಿಷ್ಟ', 'ಪರವಾಗಿಲ್ಲ ಬಿಡ್ರಿ' ಇವೂ ಇದೇ ಜಾತಿಯ ಮಾತುಗಳು. ಬರಹದಲ್ಲಿ ಇಂಥ ಒಂದು ಮಾತು ಬಂದು, ಓದಿದವರು ಅದನ್ನು ಎರಡು ಮೂರು ಸಲ ತಿರುಗಿ ಓದಿದರೆ, ಫೋನ್ ಮಾಡುವ ಹೊತ್ತು ಬಂದಿದೆ ಎಂದೇ ತಿಳಿಯಬೇಕು. ಎಷ್ಟು ದಿನವಾಯಿತು ಎಂಬ ಲೆಕ್ಕಕ್ಕಿಂತ ಇದು ಹೆಚ್ಚು ನಂಬತಕ್ಕ ಗುರುತು.

ಹಾಗೆ ಮಾಡದೆ ಬರಹದಲ್ಲೇ ಮುಂದುವರಿದರೆ ಏನಾಗುತ್ತದೆ? ಓದುವವರು ತೆರಪನ್ನು ತಾವೇ ತುಂಬಿಕೊಳ್ಳುತ್ತಾರೆ. ಅಮೆರಿಕದ ಸಂವಹನ ವಿದ್ವಾಂಸ ಜೋಸೆಫ್ ವಾಲ್ಥರ್ 1996ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಈ ವಿಷಯ ಎತ್ತಿದ್ದರು. ಬರೆಯುವವರಿಗೆ ತಿದ್ದಿ, ಒಪ್ಪಗೊಳಿಸಿ, ತಮ್ಮ ಒಳ್ಳೆಯ ಮುಖವನ್ನಷ್ಟೇ ತೋರಿಸಲು ಪುರಸೊತ್ತಿರುತ್ತದೆ. ಓದುವವರು ಸಿಕ್ಕ ಅಷ್ಟಿಷ್ಟು ಗುರುತುಗಳಿಂದ ಇಡೀ ವ್ಯಕ್ತಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಹೀಗಾಗಿ ಮುಖಾಮುಖಿ ಪರಿಚಯಕ್ಕಿಂತ ಹೆಚ್ಚಿನ ಆತ್ಮೀಯತೆ ಬರಹದಲ್ಲಿ ಬೆಳೆಯಬಹುದು ಎಂಬುದು ಅವರ ವಾದ. ಹೀಗೆ ಬೆಳೆದ ಆತ್ಮೀಯತೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದರಲ್ಲಿ ಎದುರಿನವರ ಪಾಲೆಷ್ಟು, ನಮ್ಮ ಕಲ್ಪನೆಯ ಪಾಲೆಷ್ಟು ಎಂದು ಬರಹದೊಳಗೇ ಇದ್ದು ತಿಳಿಯಲು ಬರುವುದಿಲ್ಲ.

ಅಮೆರಿಕದಲ್ಲೇ ಆರ್ಟೆಮಿಯೊ ರಾಮಿರೆಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜಾಲತಾಣದಲ್ಲಿ ಪರಿಚಯವಾಗಿ ನಂತರ ಭೇಟಿಯಾದವರನ್ನು ಅವರು ವಿಚಾರಿಸಿದರು. ಬಹಳ ಕಾಲ ಬರೆದುಕೊಂಡೇ ಇದ್ದು ತಡವಾಗಿ ಭೇಟಿಯಾದವರಿಗಿಂತ ಬೇಗ ಭೇಟಿಯಾದವರ ಅನುಭವ ಚೆನ್ನಾಗಿತ್ತು. ಸುಮಾರು 17ರಿಂದ 23 ದಿನಗಳ ಆಸುಪಾಸಿನಲ್ಲಿ ತಕ್ಕಡಿ ವಾಲುತ್ತದೆ ಎಂದು ಅವರು ಅಂದಾಜಿಸಿದರು. ಅದು ಅಲ್ಲಿನ ಗಂಡು ಹೆಣ್ಣಿನ ಒಡನಾಟದ ಲೆಕ್ಕ. ಎರಡು ಮನೆತನಗಳು ಕೂತು ಮಾಡುವ ನಮ್ಮ ಸಂಬಂಧಕ್ಕೆ ಹಾಗೆಯೇ ಹೊಂದಿಸಲಾಗದು. ಆದರೂ ಮೂರು ವಾರ ದಾಟಿದ ಬರಹಕ್ಕೆ ಒಂದು ಕಾರಣ ಬೇಕು ಎಂಬಷ್ಟನ್ನು ನಾವೂ ತೆಗೆದುಕೊಳ್ಳಬಹುದು.

ಮತ್ತೆ ನಮ್ಮ ಉದಾಹರಣೆಗೆ ಬರೋಣ. ಆಕೆ ಫೋನಿಗೆ ಹೇಗೆ ಕೇಳಬೇಕು? ನಂಬರ್ ಕೊಡದೆ ಕೇಳುವುದು ಒಳ್ಳೆಯದು. ಹಲವು ಮ್ಯಾಟ್ರಿಮೊನಿ ಆ್ಯಪ್‌ಗಳಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣದಂತೆ ಆ್ಯಪ್‌ನೊಳಗಿಂದಲೇ ಮಾತಾಡುವ ವ್ಯವಸ್ಥೆ ಇದೆ. ಕೆಲವಲ್ಲಿ ಅದಕ್ಕೆ ಹಣ ಕಟ್ಟಬೇಕಾಗುತ್ತದೆ. ಮೊದಲ ಮಾತಿಗೆ ಅದೇ ಸಾಕು. ನಂಬರ್ ಒಮ್ಮೆ ಕೊಟ್ಟರೆ ವಾಪಸ್ ಪಡೆಯಲು ಬರುವುದಿಲ್ಲ. ಬ್ಯಾಂಕ್, ಆಧಾರ್, ಅಡುಗೆ ಅನಿಲ, ಎಲ್ಲವೂ ಆ ಒಂದೇ ನಂಬರಿಗೆ ಕಟ್ಟಿರುತ್ತವೆ. ಹಣ ಕಳಿಸುವ ಯುಪಿಐ ಆ್ಯಪ್‌ನಲ್ಲಿ ಆ ನಂಬರ್ ಒತ್ತಿದರೆ ಖಾತೆದಾರರ ಹೆಸರು ಕಾಣುವುದೂ ಉಂಟು. ಇದು ಎರಡಲಗಿನ ಕತ್ತಿ. ನಿಮ್ಮ ಹೆಸರು ಅವರಿಗೆ ಕಂಡಂತೆ, ಅವರು ಕೊಟ್ಟ ನಂಬರಿಗೆ ಕಟ್ಟಿರುವ ಖಾತೆ ಯಾರ ಹೆಸರಿನಲ್ಲಿದೆ ಎಂದು ನಿಮಗೂ ಕಾಣಬಹುದು. ಪ್ರೊಫೈಲಿನಲ್ಲಿ ಒಂದು ಹೆಸರು, ಯುಪಿಐನಲ್ಲಿ ಸಂಬಂಧವೇ ಇಲ್ಲದ ಇನ್ನೊಂದು ಹೆಸರು ಕಂಡರೆ ಕೇಳಿ ತಿಳಿಯಬೇಕು. ಆ ನಂಬರಿಗೆ ಅಪ್ಪನ ಖಾತೆ ಕಟ್ಟಿರಬಹುದು. ಉತ್ತರ ಸಲೀಸಾಗಿ ಬರುತ್ತದೆಯೋ ಇಲ್ಲವೋ ಎಂಬುದನ್ನೇ ನೋಡಬೇಕು.

ಇಲ್ಲಿ ಇನ್ನೊಂದು ವ್ಯತ್ಯಾಸ ಹೇಳಬೇಕು. "ಇಲ್ಲಿ ಬೇಡ, ವಾಟ್ಸಾಪ್‌ಗೆ ಬನ್ನಿ" ಎಂದು ಮೊದಲ ದಿನವೇ ಒತ್ತಾಯಿಸುವುದು ಬರಹದಿಂದ ಮಾತಿಗೆ ಬರುವುದಲ್ಲ. ಅದು ಒಂದು ಬರಹದಿಂದ ಇನ್ನೊಂದು ಬರಹಕ್ಕೆ ಹೋಗುವುದು. ಅದರಿಂದ ದನಿಯೂ ಸಿಗಲಿಲ್ಲ, ಮುಖವೂ ಸಿಗಲಿಲ್ಲ. ನಿಮ್ಮ ನಂಬರ್ ಮಾತ್ರ ಹೋಯಿತು. ಮೋಸಗಾರರಿಗೆ ಇದು ಬೇಕಾಗುವುದಕ್ಕೆ ಕಾರಣವಿದೆ. ಆ್ಯಪ್‌ನೊಳಗೆ ದೂರು ಬಂದರೆ ಅವರ ಖಾತೆ ಮುಚ್ಚಿಹೋಗುತ್ತದೆ. ಹೊರಗೆ ಕರೆದೊಯ್ದರೆ ಆ ಭಯವಿಲ್ಲ.

ಫೋನಿಗೆ ಮೊದಲೇ ಹೊತ್ತು ಗೊತ್ತು ಮಾಡಿಕೊಳ್ಳಬೇಕು. "ಭಾನುವಾರ ನನಗ ರಜಾ ಅದ, ಸಂಜಿ ಐದಕ್ಕ ಹತ್ತು ಹದಿನೈದು ನಿಮಿಷ ಮಾತಾಡೋಣೇನ್ರಿ?" ಎಂದು ಬರೆದರೆ ಸಾಕು. ಕೊನೆ ಇರುವ ಮಾತಿಗೆ ಅಂಜಿಕೆ ಕಡಿಮೆ. ಮುಜುಗರವಾಗುತ್ತದೆ ಎಂಬ ಹಿಂಜರಿಕೆ ಎಲ್ಲರಿಗೂ ಇದ್ದದ್ದೇ. ಅಮೆರಿಕದ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಇಬ್ಬರು ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬರೆಯುವುದಕ್ಕಿಂತ ಮಾತಾಡುವುದು ಹೆಚ್ಚು ಮುಜುಗರ ಎಂದು ಜನ ಮೊದಲೇ ಅಂದುಕೊಂಡಿದ್ದರು. ಮಾತಾಡಿದ ಮೇಲೆ ಅಂದುಕೊಂಡಷ್ಟು ಮುಜುಗರ ಕಾಣಲಿಲ್ಲ, ಹತ್ತಿರವಾದ ಭಾವನೆ ಮಾತ್ರ ಹೆಚ್ಚಿತ್ತು. ದನಿಗೆ ವಿಡಿಯೊ ಸೇರಿಸಿದ್ದರಿಂದ ಆ ಆತ್ಮೀಯತೆ ಇನ್ನಷ್ಟು ಹೆಚ್ಚಲಿಲ್ಲ ಎಂಬುದೂ ಅವರಿಗೆ ಕಂಡಿತು. ಹಾಗಾಗಿ ಮೊದಲ ಸಲ ದನಿ ಸಾಕು. ಸಿಂಗರಿಸಿಕೊಂಡು ಕೂರುವ ಒತ್ತಡ ಇರುವುದಿಲ್ಲ. ಎರಡನೆಯ ಸಲ ಐದು ನಿಮಿಷ ವಿಡಿಯೊ ಮಾಡಬೇಕಾದದ್ದು ಬೇರೆ ಕಾರಣಕ್ಕೆ, ಫೋಟೊದಲ್ಲಿರುವವರೇ ಮಾತಾಡುತ್ತಿರುವವರೇ ಎಂದು ನೋಡಲಿಕ್ಕೆ.

ಆ ಭಾನುವಾರ ಆತ ಹೀಗೆ ಹೇಳಿದ ಎನ್ನಿ: "ನಿಮ್ಮ ನೌಕರಿ ಬಿಡ್ರಿ ಅಂತ ನಾ ಅನ್ನಂಗಿಲ್ರಿ. ಅವ್ವಗ ಮೊಣಕಾಲ್ ಬ್ಯಾನಿ. ಯಾರರ ಒಬ್ರು ಹತ್ರ ಇರಬೇಕಾಗ್ತದ. ಅದರ ಸಲುವಾಗಿ ನೋಡೋಣ ಅಂದೆ. ರಾಯಚೂರಾಗ ರಿಮ್ಸ್ ಅದ, ಖಾಸಗಿ ದವಾಖಾನಿ ಅದಾವ, ಅಲ್ಲಿ ಸಿಗ್ತದೇನು?" ಆರು ದಿನದ ಬರಹದಲ್ಲಿ ಹೊರಬರದ ಸಂಗತಿ ಅರ್ಧ ನಿಮಿಷದಲ್ಲಿ ಬಂತು. ಆಕೆಗೆ ಬೆಂಗಳೂರು ಬಿಡುವ ಮನಸ್ಸಿದೆಯೋ ಇಲ್ಲವೋ, ಅದು ಬೇರೆ ಮಾತು. ಆದರೆ ಈಗ ಎದುರಿಗಿರುವುದು ನಿಜವಾದ ಪ್ರಶ್ನೆ.

ಅದೇ ಕರೆಯಲ್ಲಿ ಆಕೆಯೂ ಒಂದು ಪ್ರಶ್ನೆ ಕೇಳಬೇಕು. 'ಆರ್‌ಟಿಪಿಎಸ್‌ನಲ್ಲಿ ಕೆಲಸ' ಎಂದು ಪ್ರೊಫೈಲಿನಲ್ಲಿದೆ. ಅದು ಕರ್ನಾಟಕ ವಿದ್ಯುತ್ ನಿಗಮದ ಕಾಯಂ ನೌಕರಿಯೂ ಆಗಿರಬಹುದು, ಗುತ್ತಿಗೆದಾರರ ಕೈಕೆಳಗಿನ ಕೆಲಸವೂ ಆಗಿರಬಹುದು. ಎರಡೂ ಮರ್ಯಾದೆಯ ಕೆಲಸವೇ, ಆದರೆ ಸಂಬಳ ಮತ್ತು ಭದ್ರತೆ ಒಂದೇ ಅಲ್ಲ. ಬರಹದಲ್ಲಿ "ಟೆಕ್ನಿಕಲ್ ಸೆಕ್ಷನ್ ರೀ" ಎಂದು ಜಾರಿಕೊಳ್ಳುವುದು ಸುಲಭ. ಮಾತಿನಲ್ಲಿ "ನಿಗಮದ ಕಡೆಯಿಂದಲೋ, ಗುತ್ತಿಗೆ ಕಡೆಯಿಂದಲೋ?" ಎಂದು ಸೌಮ್ಯವಾಗಿ ಕೇಳಿದರೆ, ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಹೇಳಿಬಿಡುತ್ತಾರೆ. ಕರೆ ಮುಗಿದ ಮೇಲೆ ಮತ್ತೆ ಆ್ಯಪ್‌ಗೆ ಬಂದು ಒಂದೆರಡು ಸಾಲು ಬರೆದಿಡುವುದು ಒಳ್ಳೆಯ ರೂಢಿ: "ನೀವು ಗುತ್ತಿಗೆ ಮ್ಯಾಲೆ ಇದ್ದೀರಿ, ಅವ್ವ ನಿಮ್ಮ ಸಂಗಡ ಇರ್ತಾರ, ಹೌದಲ್ರಿ?" ಗಾಳಿಗೆ ಹೋದ ಮಾತು ನಾಳೆ ಹಿರಿಯರ ಮುಂದೆ ಬೇರೆ ರೂಪ ತಾಳಬಾರದು. ವರದಕ್ಷಿಣೆಯ ಸುಳಿವು ಮಾತಿನಲ್ಲಿ ಬಂದರೆ ಇದು ಇನ್ನೂ ಅಗತ್ಯ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ಕೇಳುವುದು, ಕೊಡುವುದು, ತೆಗೆದುಕೊಳ್ಳುವುದು ಎಲ್ಲವೂ ಅಪರಾಧ. ಬರಹದಲ್ಲಿ ಉಳಿದದ್ದು ಸಾಕ್ಷಿಯಾಗುತ್ತದೆ.

ಇನ್ನು ಭೇಟಿ. ಇಲ್ಲಿ ನಮ್ಮ ಊರುಗಳ ತೊಡಕು ನಗರದವರಿಗೆ ಬೇಗ ಅರ್ಥವಾಗುವುದಿಲ್ಲ. ಕಲ್ಮಲದಂಥ ಊರಿನಲ್ಲಿ ಮನೆಯ ಮುಂದೆ ಒಂದು ಕಾರು ನಿಂತು, ಒಳಗೆ ಚಹಾ, ಒಗ್ಗರಣಿ, ಮಿರ್ಚಿ ಹೋಯಿತೆಂದರೆ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. 'ಕನ್ಯಾ ನೋಡಾಕ ಬಂದಿದ್ರಂತ' ಎಂಬ ಮಾತು, ಸಂಬಂಧ ಕುದುರದಿದ್ದರೆ, 'ಯಾಕ ಬ್ಯಾಡ ಅಂದ್ರಂತ' ಎಂದು ತಿರುಗುತ್ತದೆ. ಅದರ ಭಾರ ಹೊರುವವಳು ಹುಡುಗಿಯೇ. ಆದ್ದರಿಂದ ಫೋನಿನಿಂದ ನೇರವಾಗಿ ಕನ್ಯಾ ನೋಡುವ ಶಾಸ್ತ್ರಕ್ಕೆ ಜಿಗಿಯದೆ ನಡುವೆ ಒಂದು ಸಣ್ಣ ಭೇಟಿ ಇಟ್ಟುಕೊಳ್ಳುವುದು ಲೇಸು. ರಾಯಚೂರಿನ ನಾಲ್ಕು ಜನ ಓಡಾಡುವ ಹೋಟೆಲಾಗಲಿ, ದೇವಸ್ಥಾನದ ಆವರಣವಾಗಲಿ, ಬೆಂಗಳೂರಿನಲ್ಲಿರುವ ಅಕ್ಕನ ಮನೆಯಾಗಲಿ ಆಗಬಹುದು. ಆಕೆಯ ಸಂಗಡ ಅಕ್ಕನೋ ಅತ್ತಿಗೆಯೋ ಬಂದು ಪಕ್ಕದ ಮೇಜಿನಲ್ಲಿ ಕೂರಲಿ. ಹಗಲು ಹೊತ್ತು, ಒಂದು ಗಂಟೆ, ಬಂದ ದಾರಿಯಲ್ಲಿ ತಮ್ಮ ತಮ್ಮ ವಾಹನದಲ್ಲೇ ವಾಪಸ್.

ಈ ಭೇಟಿ ಯಾವಾಗ? ಎರಡು ಮೂರು ಸಲ ಫೋನಿನಲ್ಲಿ ಮಾತಾಡಿ, ಒಮ್ಮೆ ಮುಖ ನೋಡಿ, ನೌಕರಿ, ಊರು, ಹಿರಿಯರ ಜವಾಬ್ದಾರಿ ಈ ಮೂರರಲ್ಲಿ ಹೊಂದಿಕೆ ಕಂಡ ಮೇಲೆ. ಹುಡುಗಿ ಬೆಂಗಳೂರಿನಿಂದ ಬರಬೇಕಾದರೆ ರಾತ್ರಿ ರೈಲು, ಎರಡು ದಿನದ ರಜೆ ಬೇಕು. ಹಬ್ಬಕ್ಕೆ ಹೇಗೂ ಊರಿಗೆ ಬರುವವಳಿದ್ದರೆ ಅದಕ್ಕೆ ಹೊಂದಿಸಿಕೊಳ್ಳಲಿ. ಹಾಗೆ ಒಂದು ತಿಂಗಳಾದರೂ ಚಿಂತೆಯಿಲ್ಲ, ದಿನ ಗೊತ್ತಾಗಿದ್ದರೆ ಆಯಿತು. ದಿನವೇ ಗೊತ್ತಾಗದೆ ಮುಂದೆ ಹೋಗುತ್ತಿರುವುದು ಬೇರೆ. ಒಮ್ಮೆ ಜ್ವರ, ಒಮ್ಮೆ ಪಾಳಿ ಬದಲು, ಇವು ಸಹಜ. ಮೂರನೆಯ ಸಲವೂ ಕಾರಣ ಹೇಳಿ, ತಾವಾಗಿ ಬೇರೆ ದಿನ ಸೂಚಿಸದವರು ಬರುವವರಲ್ಲ ಎಂದೇ ನನ್ನ ಅಭಿಪ್ರಾಯ.

ಭೇಟಿಗೆ ಮೊದಲೇ ಹಣದ ಮಾತು ಬಂದರಂತೂ ಯೋಚಿಸುವುದೇ ಬೇಡ. ಇದರ ಒಂದು ಹಳೆಯ ವರಸೆ ಇದೆ. ವಿದೇಶದಲ್ಲಿರುವ ಡಾಕ್ಟರನೋ ಎಂಜಿನಿಯರನೋ ಎಂಬ ಪ್ರೊಫೈಲ್. ಮೊದಲ ದಿನವೇ ವಾಟ್ಸಾಪ್. ದಿನವೂ ಸಕ್ಕರೆಯಂಥ ಬರಹ. ವಿಡಿಯೊ ಎಂದರೆ ನೆಟ್‌ವರ್ಕ್ ಇಲ್ಲ. ಎರಡು ಮೂರು ವಾರವಾದ ಮೇಲೆ ಉಡುಗೊರೆಯ ಪಾರ್ಸೆಲ್ ಕಳಿಸಿದ್ದೇನೆ ಎಂಬ ಸುದ್ದಿ. ಮರುದಿನ ಕಸ್ಟಮ್ಸ್ ಅಧಿಕಾರಿ ಎಂದು ಹೇಳಿಕೊಂಡು ಯಾರದೋ ಫೋನ್, ಸುಂಕ ಕಟ್ಟಿ ಬಿಡಿಸಿಕೊಳ್ಳಿ ಎಂದು. ಸುಂಕವನ್ನು ಯಾರದೋ ವೈಯಕ್ತಿಕ ಖಾತೆಗೆ ಹಾಕಿ ಎಂದು ಕಸ್ಟಮ್ಸ್ ಇಲಾಖೆ ಫೋನ್ ಮಾಡುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಇಲ್ಲವೇ cybercrime.gov.in ತಾಣದಲ್ಲಿ ದೂರು ದಾಖಲಿಸಬೇಕು. ಜಿಲ್ಲಾ ಕೇಂದ್ರದ ಸೆನ್ ಪೊಲೀಸ್ ಠಾಣೆಗೂ ಹೋಗಬಹುದು. ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಹಿಡಿಸಬೇಕಾದ್ದರಿಂದ ಇಲ್ಲಿ ಗಂಟೆಗಳ ಲೆಕ್ಕ.

ಹಾಗಾದರೆ ಭೇಟಿಯಾದರೆ ಎಲ್ಲ ಖಾತ್ರಿಯೆ? ಅಲ್ಲ. 2023ರ ಜುಲೈನಲ್ಲಿ ಮೈಸೂರು ಪೊಲೀಸರು ಒಬ್ಬನನ್ನು ಬಂಧಿಸಿದರು. ವಿವಾಹ ಜಾಲತಾಣಗಳಲ್ಲಿ ಡಾಕ್ಟರ್, ಎಂಜಿನಿಯರ್ ಎಂದು ಹೇಳಿಕೊಂಡು 2014ರಿಂದ ಹದಿನೈದು ಮಹಿಳೆಯರನ್ನು ಮದುವೆಯಾಗಿದ್ದಾನೆ ಎಂಬುದು ಪೊಲೀಸರ ಹೇಳಿಕೆ. ಡಾಕ್ಟರನೆಂದು ನಂಬಿಸಲು ತುಮಕೂರಿನಲ್ಲಿ ಹೆಸರಿಗೊಂದು ಕ್ಲಿನಿಕ್ಕನ್ನೂ ತೆರೆದಿದ್ದನಂತೆ. ಆತನ ಇಂಗ್ಲಿಷ್ ಕೇಳಿ ಅನುಮಾನಪಟ್ಟು ಕೆಲವು ಮಹಿಳೆಯರು ದೂರ ಸರಿದಿದ್ದರೆಂದೂ ಆಗ ವರದಿಯಾಗಿತ್ತು. ಪ್ರೊಫೈಲಿನಲ್ಲಿ ಕಾಣದ್ದು ಮಾತಿನಲ್ಲಿ ಕೇಳಿಸಿತು ಎಂಬುದನ್ನು ನೋಡಿ. ಆದರೆ ಮುಖಾಮುಖಿ ಕಂಡು ಮದುವೆಯೇ ಆದವರೂ ಇದ್ದರು ಎಂಬುದನ್ನೂ ನೋಡಬೇಕು.

ವಿವಾಹ ಜಾಲತಾಣಗಳು ಬಳಕೆದಾರರ ಗುರುತಿನ ದಾಖಲೆ ಪಡೆಯಬೇಕೆಂದು ಕೇಂದ್ರ ಸರ್ಕಾರ 2016ರ ಜೂನ್‌ನಲ್ಲಿ ಸೂಚನೆ ಹೊರಡಿಸಿದೆ. ಆದರೆ ಆಧಾರ್ ಕಾರ್ಡ್ ಹೆಸರನ್ನು ಹೇಳುತ್ತದೆಯೇ ಹೊರತು ಡಾಕ್ಟರೋ ಅಲ್ಲವೋ, ಮೊದಲು ಮದುವೆ ಆಗಿದೆಯೋ ಇಲ್ಲವೋ ಎಂದು ಹೇಳುವುದಿಲ್ಲ. ಪ್ರೊಫೈಲಿನ ಪಕ್ಕದ ಹಸಿರು ಗುರುತಿನ ಬೆಲೆ ಅಷ್ಟೇ.

ನಮ್ಮಲ್ಲಿ ಹುಡುಗಿಯ ಕಡೆಯವರು 'ಮನಿ ನೋಡಾಕ' ಹೋಗುವ ಪದ್ಧತಿ ಇದೆಯಲ್ಲ, ಅದರ ಕೆಲಸ ಇಲ್ಲಿಯೇ ಬರುವುದು. ಹೊಲ ಎಷ್ಟು ಎಂದು ಎಣಿಸುವುದಷ್ಟೇ ಅದಲ್ಲ. ಸೋದರಮಾವನೋ ಕಾಕಾನೋ ಹುಡುಗನ ಊರಿನ ಚಹಾದಂಗಡಿಯಲ್ಲಿ ಹತ್ತು ನಿಮಿಷ ಕೂತು ಬಂದರೆ, ಮನೆಯಲ್ಲಿ ಕೇಳದ್ದು ಅಲ್ಲಿ ಕೇಳಿಸುತ್ತದೆ. ಹುಡುಗಿಯ ಬೆಂಗಳೂರಿನ ವಾಸದ ಬಗ್ಗೆ ಹುಡುಗನ ಕಡೆಯವರು ವಿಚಾರಿಸಿದರೂ ತಪ್ಪು ತಿಳಿಯಬಾರದು. ಕನ್ಯಾ ನೋಡುವ ಶಾಸ್ತ್ರಕ್ಕೆ ಮುಂಚೆಯೇ ಈ ವಿಚಾರಣೆ ಮುಗಿದಿದ್ದರೆ ಓಣಿಯ ಮಾತಿಗೆ ಅವಕಾಶವೂ ಕಡಿಮೆ. ಈ ಹಂತಕ್ಕೆ ಬಂದಾಗ ಆ ಇಬ್ಬರೇ ಮಾತಾಡಿಕೊಂಡು ಗುಟ್ಟಾಗಿ ಇಟ್ಟಿರಬಾರದು. ಮೊದಲ ಫೋನ್ ಕರೆಯ ದಿನವೇ ಮನೆಯಲ್ಲಿ ಒಬ್ಬರಿಗಾದರೂ, ಅಕ್ಕನಿಗೋ ಅಣ್ಣನಿಗೋ, ಹೇಳಿಟ್ಟಿರಬೇಕು.

ಕೊನೆಯದಾಗಿ, ಬೇಡ ಎನ್ನುವ ಮಾತು. ಹಿಂದೆ ಇದನ್ನೂ ಮಧ್ಯಸ್ಥರೇ ಮುಟ್ಟಿಸುತ್ತಿದ್ದರು, 'ಜಾತಕ ಕೂಡಿ ಬರಲಿಲ್ಲಂತ್ರಿ' ಎಂಬ ಒಂದು ನೆಪದಲ್ಲಿ. ಈಗ ಉತ್ತರವನ್ನೇ ಕೊಡದೆ ಮಾಯವಾಗುವ ರೂಢಿ ಬಂದಿದೆ. ಬರಹದಲ್ಲಷ್ಟೇ ಪರಿಚಯವಾಗಿದ್ದರೆ ಬರಹದಲ್ಲೇ ಎರಡು ಸಾಲು ಸಾಕು. ಫೋನಿನಲ್ಲಿ ನಾಲ್ಕಾರು ಸಲ ಮಾತಾಡಿದ್ದರೆ ಫೋನಿನಲ್ಲೇ ಹೇಳಬೇಕು. ಎರಡು ಮನೆಯವರು ಕೂತು ಚಹಾ ಕುಡಿದಿದ್ದರೆ ಹಿರಿಯರು ಹಿರಿಯರಿಗೇ ಫೋನ್ ಮಾಡಿ ತಿಳಿಸಬೇಕು, ಅದೂ ಎರಡು ಮೂರು ದಿನದೊಳಗೆ. ಆ ಮನೆಯವರು ಬೇರೆ ಸಂಬಂಧವನ್ನು ತಡೆದುಕೊಂಡು ಕಾಯುತ್ತಿರುತ್ತಾರೆ. ನಂಟರ ವಾಟ್ಸಾಪ್ ಗುಂಪಿಗೆ ಹುಡುಗಿಯ ಫೋಟೊ, ಬಯೋಡೇಟಾ ಹೋಗಿರುತ್ತವೆ. ಫೋನ್ ಮಾಡಿದ ದಿನವೇ ಅವನ್ನೂ ಅಳಿಸಿ, ಗುಂಪಿನ ಉಳಿದವರಿಗೂ ಅಳಿಸಲು ಹೇಳಬೇಕು.